ರೊಟ್ಟಿ ಉಳಿಯುತ್ತದೆ, ಅನ್ನ ಉಳಿಯುವುದಿಲ್ಲ

ಮಸ್ಕಿಯ ಒಂದು ಮನೆ. ಅಪ್ಪನಿಗೆ 74, ಅವ್ವನಿಗೆ 69. ಮಗ ಬೆಂಗಳೂರಿನಲ್ಲಿ, ಮಗಳು ಗಂಡನ ಮನೆಯಲ್ಲಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಒಂದು ಗಂಟೆಗೆ ಅನ್ನ ಇಳಿಸಿದರು, ಉಂಡರು, ಉಳಿದದ್ದನ್ನು ಹಾಟ್‌ಬಾಕ್ಸಿಗೆ ಹಾಕಿ ಮುಚ್ಚಿಟ್ಟರು. ರಾತ್ರಿ ಎಂಟಕ್ಕೆ ಅದೇ ಅನ್ನಕ್ಕೆ ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡಿಕೊಂಡು ತಿಂದರು. ಹತ್ತೂವರೆಗೆ ಅಪ್ಪನಿಗೆ ವಾಂತಿ ಶುರುವಾಯಿತು. ಅರ್ಧ ಗಂಟೆ ಬಿಟ್ಟು ಅವ್ವನಿಗೂ ಶುರುವಾಯಿತು. ಮರುದಿನ ಅವರನ್ನು ನೋಡಲು ಹೋದಾಗ ಅವ್ವ ಕೇಳಿದ್ದು ಒಂದೇ ಮಾತು: “ಬಿಸಿ ಬಿಸಿ ಮಾಡೇ ತಿಂದೀವ್ರಿ, ವಾಸನೀನೂ ಬಂದಿದ್ದಿಲ್ಲ, ಹೆಂಗ ಕೆಟ್ಟೀತ್ರಿ?”

ಮನೆಯಲ್ಲಿ ಇಬ್ಬರೇ ಉಳಿದ ತಂದೆತಾಯಿಗಳ ಊಟದ ಬಗ್ಗೆ ಸಲಹೆ ಕೊಡುವುದು ನನ್ನ ಕೆಲಸ. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಎಷ್ಟೋ ಮನೆಗಳಲ್ಲಿ ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದ್ದೇನೆ. ಆದ್ದರಿಂದ ಮೊದಲು ಅವ್ವನ ಪ್ರಶ್ನೆಗೆ ಉತ್ತರ ಹೇಳಿ, ಆಮೇಲೆ ವಾರದ ಅಡುಗೆಗೆ ಬರುತ್ತೇನೆ. ವಾರವನ್ನು ಹೇಗೆ ಹೊಂದಿಸಬೇಕು ಎನ್ನುವುದು ಆ ಉತ್ತರದಲ್ಲೇ ಇದೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ, ಸುಮ್ಮನೆ ಮಲಗಿರುತ್ತವೆ. ಅನ್ನ ಉಗುರುಬೆಚ್ಚಗಾದಾಗ ಎದ್ದು ಬೆಳೆಯತೊಡಗುತ್ತವೆ, ಬೆಳೆಯುತ್ತಾ ಒಂದು ವಿಷವನ್ನು ಬಿಡುತ್ತವೆ. ಆ ವಿಷಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಮತ್ತೆ ಎಷ್ಟು ಹುರಿದರೂ, ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿಯಾಗುತ್ತದೆ. ಮಸ್ಕಿಯ ಮನೆಯಲ್ಲಿ ಆದದ್ದಕ್ಕೆ ಈ ಲೆಕ್ಕ ಸರಿಯಾಗಿ ಹೊಂದುತ್ತದೆ. ಒಗ್ಗರಣೆಯ ಬಿಸಿ ತಡವಾಗಿ ಬಂತು, ಅಷ್ಟರಲ್ಲಿ ಕೆಡುವುದೆಲ್ಲ ಕೆಟ್ಟಿತ್ತು.

ಇಲ್ಲಿ ನಂಬಿ ಕೆಟ್ಟದ್ದು ಹಾಟ್‌ಬಾಕ್ಸನ್ನು. ಅದು ಎರಡು ಮೂರು ಗಂಟೆ ಅನ್ನವನ್ನು ಬಿಸಿಯಾಗಿ ಇಡುತ್ತದೆ, ಆಮೇಲೆ ಉಗುರುಬೆಚ್ಚಗೆ ಇಡುತ್ತದೆ. ಸೂಕ್ಷ್ಮಜೀವಿಗಳಿಗೆ ಬೇಕಾದದ್ದು ಆ ಉಗುರುಬೆಚ್ಚನೆಯೇ. 60 ಡಿಗ್ರಿಗಿಂತ ಮೇಲಿದ್ದರೆ ಅವು ಬೆಳೆಯುವುದಿಲ್ಲ, 5 ಡಿಗ್ರಿಗಿಂತ ಕೆಳಗಿದ್ದರೆ ಬಹಳ ನಿಧಾನವಾಗಿ ಬೆಳೆಯುತ್ತವೆ. ನಡುವಿನ ಬಿಸಿಯಲ್ಲಿ ಅವುಗಳಿಗೆ ಸುಗ್ಗಿ. ಹಸಿ ಅಡುಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು ಎನ್ನುವುದು ಎಲ್ಲ ಕಡೆ ಹೇಳುವ ನಿಯಮ. ಬಿಸಿಲು 32 ಡಿಗ್ರಿ ದಾಟಿದರೆ ಅದು ಒಂದೇ ಗಂಟೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ಬೇಸಿಗೆಗೆ 40 ದಾಟುತ್ತದೆ, ಚಳಿಗಾಲದ ಕೆಲವು ವಾರ ಬಿಟ್ಟರೆ ಮಧ್ಯಾಹ್ನದ ಹೊತ್ತು 32ರ ಆಸುಪಾಸಿನಲ್ಲೇ ಇರುತ್ತದೆ. ಆದ್ದರಿಂದ ವರ್ಷವಿಡೀ ಒಂದು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ ಎಂದು ನಾನು ಹೇಳುತ್ತೇನೆ.

ವಾಸನೆ ನೋಡಿ ತೀರ್ಮಾನಿಸುವ ರೂಢಿಯನ್ನೂ ಬಿಡಬೇಕು. ವಯಸ್ಸಾದಂತೆ ಮೂಗು ಮಂದವಾಗುತ್ತದೆ, ಅದು ಮೆಲ್ಲಗೆ ಆಗುವುದರಿಂದ ನಮಗೇ ತಿಳಿಯುವುದಿಲ್ಲ. ಹೊಟ್ಟೆಯ ಆಮ್ಲವೂ ಕಡಿಮೆಯಾಗಿರಬಹುದು. ಗ್ಯಾಸಿನ ಮಾತ್ರೆ ದಿನಾ ನುಂಗುವವರಲ್ಲಂತೂ ಇನ್ನೂ ಕಡಿಮೆ. ಹರೆಯದಲ್ಲಿ ಅರಗಿಸಿಕೊಂಡಿದ್ದ ತಂಗಳು 70ರಲ್ಲಿ ತೊಂದರೆ ಕೊಡುವುದು ಇದಕ್ಕೇ.

ಹಾಗಾದರೆ ದಿನಾ ಎರಡು ಹೊತ್ತು ಹೊಸದಾಗಿ ಅಡುಗೆ ಮಾಡಬೇಕೇ? ಮಂಡಿನೋವಿನ ಅವ್ವಂದಿರಿಗೆ ಅದು ಆಗದ ಮಾತು. ನಮ್ಮ ಕಡೆಯ ಊಟದಲ್ಲೇ ಇದಕ್ಕೆ ದಾರಿ ಇದೆ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಪುಟಾಣಿ ಹಿಂಡಿ, ಚುರುಮುರಿ, ಇವೆಲ್ಲ ಒಣಗಿದವು. ನೀರಿಲ್ಲದ ಕಡೆ ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ಹಿರಿಯರು ಕಟಕ್ ರೊಟ್ಟಿ ಕಟ್ಟಿದರೇ ಹೊರತು ಅನ್ನ ಸಾರು ಕಟ್ಟಲಿಲ್ಲ. ನನ್ನ ಸಲಹೆಯೂ ಇಷ್ಟೇ: ವಾರದ ಭಾರವನ್ನು ಒಣಗಿದ ಊಟದ ಮೇಲೆ ಹಾಕಿ, ಹಸಿ ಅಡುಗೆಯನ್ನು ಅಳತೆ ಮಾಡಿ ಸ್ವಲ್ಪವೇ ಮಾಡಿ.

ಅಳತೆ ಎಂದಾಗ ಮೊದಲು ಪಾತ್ರೆಯ ಮಾತು ಬರುತ್ತದೆ. ಮಸ್ಕಿಯ ಅವ್ವನ ಅಡುಗೆಮನೆಯಲ್ಲಿ ಇದ್ದದ್ದು ಐದು ಲೀಟರಿನ ಕುಕ್ಕರ್, ಆರು ಜನ ಉಣ್ಣುತ್ತಿದ್ದ ಕಾಲದ್ದು. ಇಬ್ಬರಿಗೆ ಎಂದು ಅಕ್ಕಿ ಹಾಕಿದರೂ ಆ ಪಾತ್ರೆಯ ತಳ ಕಂಡು ಕೈ ತಾನೇ ಇನ್ನೊಂದು ಹಿಡಿ ಹಾಕುತ್ತಿತ್ತು. ಆ ಕುಕ್ಕರನ್ನು ಅಟ್ಟಕ್ಕೇರಿಸಿ ಎರಡು ಲೀಟರಿನದನ್ನು ತರಿಸಿದೆವು. ಅಕ್ಕಿಗೆ ಒಂದೇ ಲೋಟ ಗೊತ್ತು ಮಾಡಿದೆವು, 150 ಗ್ರಾಂ ಅಕ್ಕಿ ಹಿಡಿಯುವಂಥದ್ದು. ಅದು ಇಬ್ಬರ ಒಂದು ಹೊತ್ತಿಗೆ ಸಾಕು. ಆ ಲೋಟ ಅಕ್ಕಿಯ ಡಬ್ಬಿಯೊಳಗೇ ಇರುತ್ತದೆ, ಬೇರೆ ಯಾವುದಕ್ಕೂ ಬಳಸುವುದಿಲ್ಲ. ಅನ್ನ ಉಳಿಯುವುದು ನಿಂತದ್ದು ಇದರಿಂದಲೇ.

ಊರಿನ ಗುಣವೂ ಇದರಲ್ಲಿ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು, ಸೋನಾ ಮಸೂರಿ ಮನೆ ತುಂಬಿತು, ಊಟದಲ್ಲಿ ಅನ್ನ ಮುಂದಕ್ಕೆ ಬಂತು. ಲಿಂಗಸುಗೂರು ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಜೋಳವೇ ಮೊದಲು. ಸಿಂಧನೂರಿನವರಿಗೆ ಅನ್ನ ಬಿಡಿ ಎನ್ನುವುದಿಲ್ಲ. ಮಧ್ಯಾಹ್ನ ಅನ್ನ ಉಣ್ಣಿ, ಮಧ್ಯಾಹ್ನವೇ ಮುಗಿಸಿ, ರಾತ್ರಿಗೆ ರೊಟ್ಟಿ ಇಟ್ಟುಕೊಳ್ಳಿ.

ಈಗ ವಾರಕ್ಕೆ ಬರೋಣ. ಭಾನುವಾರ ಬೆಳಿಗ್ಗೆ ರೊಟ್ಟಿಯ ಕೆಲಸ. ಇಬ್ಬರಿಗೆ ದಿನಕ್ಕೆ ಆರು ರೊಟ್ಟಿಯ ಲೆಕ್ಕದಲ್ಲಿ ವಾರಕ್ಕೆ 42 ಬೇಕು, ಅದಕ್ಕೆ ಸುಮಾರು ಎರಡು ಕೆಜಿ ಜೋಳದ ಹಿಟ್ಟು. ಅಷ್ಟೇ ಹಿಟ್ಟು ಹಾಕಿಸಿಕೊಳ್ಳಿ. ತಿಂಗಳದ್ದು ಒಟ್ಟಿಗೇ ಗಿರಣಿಗೆ ಕೊಟ್ಟರೆ ಹಿಟ್ಟು ಹಳತಾಗಿ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿ ಒಡೆಯುತ್ತದೆ. ಬಡಿಯುವ ಕೆಲಸವನ್ನು ಅವ್ವನೇ ಮಾಡಬೇಕಿಲ್ಲ. ಮಸ್ಕಿಯ ಮನೆಗೆ ಓಣಿಯ ಒಬ್ಬ ಹೆಣ್ಣುಮಗಳು ವಾರಕ್ಕೊಮ್ಮೆ ಬಂದು ಬಡಿದುಕೊಟ್ಟು ಹೋಗುತ್ತಾಳೆ. ಅದೂ ಆಗದಿದ್ದರೆ ಕಟಕ್ ರೊಟ್ಟಿಯನ್ನು ಮಾಡಿ ಮಾರುವ ಮನೆಗಳು ಈಗ ಎಲ್ಲ ಊರಲ್ಲೂ ಇವೆ, ಕೊಂಡರೆ ತಪ್ಪೇನಿಲ್ಲ.

ರೊಟ್ಟಿ ಕೆಡುವುದು ಹೆಚ್ಚಾಗಿ ಬಿಸಿ ಆರುವ ಮೊದಲೇ ಮುಚ್ಚುವುದರಿಂದ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಬೇಯಿಸಿ, ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ ಪೂರ್ತಿ ಆರಿಸಿ, ಆಮೇಲೆ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಡಿ. ಬೆಚ್ಚಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಒಳಗೆ ಬೆವರಿ ಮೂರನೇ ದಿನಕ್ಕೆ ಬೂಷ್ಟು ಬರುತ್ತದೆ. ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ರೊಟ್ಟಿಯ ಅಂಚು ಮುರಿಯಿರಿ. ಕಟಕ್ಕೆಂದು ಮುರಿದರೆ ಚೆನ್ನಾಗಿದೆ. ಬಾಗಿದರೆ ತೇವ ಹಿಡಿದಿದೆ, ಮಳೆಗಾಲದಲ್ಲಿ ಹೀಗಾಗುತ್ತದೆ, ಹಂಚಿನ ಮೇಲೆ ಮತ್ತೆ ಬಿಸಿ ಮಾಡಿ ಆರಿಸಿ. ಬೂಷ್ಟಿನ ಕಲೆ ಕಂಡರೆ ಆ ರೊಟ್ಟಿಯನ್ನು ಇಡಿಯಾಗಿ ಬಿಸಾಡಿ, ಕಲೆ ಮುರಿದು ತೆಗೆದರೆ ಸಾಲದು.

ಹಲ್ಲಿಲ್ಲದವರು ಕಟಕ್ ರೊಟ್ಟಿ ಹೇಗೆ ತಿನ್ನುವುದು ಎಂದು ಕೇಳುತ್ತಾರೆ. ಬಿಸಿ ಬೇಳೆಸಾರಿನಲ್ಲಿ ಮುರಿದು ಹಾಕಿ ಹತ್ತು ನಿಮಿಷ ಬಿಟ್ಟರೆ ಬೆಣ್ಣೆಯಂತಾಗುತ್ತದೆ. ಬಿಸಿ ಹಾಲಿನಲ್ಲೂ ಆಗುತ್ತದೆ. ಆದರೆ ಒಂದು ಸಲ ನೆನೆದ ರೊಟ್ಟಿ ಹಸಿ ಅಡುಗೆಯಾಯಿತು, ಅದನ್ನು ಎತ್ತಿಡಬೇಡಿ.

ಹಿಂಡಿಯನ್ನು ಹದಿನೈದು ದಿನಕ್ಕೊಮ್ಮೆ ಕುಟ್ಟಿದರೆ ಸಾಕು. ಶೇಂಗಾ ಆರಿಸುವಾಗ ಕನ್ನಡಕ ಹಾಕಿಕೊಳ್ಳಿ. ಸುಕ್ಕುಗಟ್ಟಿದ, ಕಪ್ಪಾದ, ಹಸಿರು ಬೂಷ್ಟು ಹಿಡಿದ ಕಾಳನ್ನು ಬಿಸಾಡಬೇಕು. ಅದರಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ವಿಷ ಲಿವರಿಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಿಂಡಿಯ ಡಬ್ಬಿಗೆ ಒಣ ಚಮಚ ಮಾತ್ರ ಹಾಕಿ. ಬಿಪಿ ಇದ್ದವರು ಕುಟ್ಟುವಾಗಲೇ ಉಪ್ಪನ್ನು ಅರ್ಧಕ್ಕೆ ಇಳಿಸಿ, ಊಟಕ್ಕೆ ಒಂದು ಚಮಚ ಹಿಂಡಿ ಸಾಕು. ವಾರದ ತುಂಬ ಒಣ ಊಟಕ್ಕೆ ಹೋದರೆ ಉಪ್ಪು ಕಣ್ಣಿಗೆ ಕಾಣದೆ ಏರುತ್ತದೆ, ಈ ಕ್ರಮದಲ್ಲಿ ಇರುವ ದೊಡ್ಡ ಕೊರತೆ ಅದು. ಹಿಂಡಿಯ ಜೊತೆ ಉಪ್ಪಿನಕಾಯಿಯನ್ನೂ ಹಚ್ಚಿಕೊಳ್ಳಬೇಡಿ.

ಬೇಳೆಯನ್ನು ಸೋಮವಾರ, ಬುಧವಾರ, ಶುಕ್ರವಾರ ಬೇಯಿಸಿ, ವಾರಕ್ಕೆ ಮೂರೇ ಸಲ. ಒಂದು ಸಲಕ್ಕೆ 150 ಗ್ರಾಂ ತೊಗರಿಬೇಳೆ, ಉಪ್ಪು ಖಾರ ಹಾಕದೆ. ಇಳಿಸಿದ ಕೂಡಲೇ, ಉಣ್ಣಲು ಕೂರುವ ಮೊದಲೇ, ಅರ್ಧವನ್ನು ಬೇರೆ ಮಾಡಬೇಕು. ಆ ಅರ್ಧವನ್ನು ಅಗಲ ಬಾಯಿಯ ಪಾತ್ರೆಗೆ ಹಾಕಿ, ಮೂರು ಬೆರಳಿಗಿಂತ ಆಳ ಬೇಡ. ಪರಾತಕ್ಕೆ ತಣ್ಣೀರು ಸುರಿದು ಅದರಲ್ಲಿ ಪಾತ್ರೆ ಕೂರಿಸಿ ನಾಲ್ಕು ಸಲ ಕೈಯಾಡಿಸಿ. ಅರ್ಧ ಗಂಟೆಯಲ್ಲಿ ಬಿಸಿ ಇಳಿಯುತ್ತದೆ. ಮುಚ್ಚಿ ಫ್ರಿಜ್ಜಿಗೆ ಇಡಿ. ಮರುದಿನ ಮಧ್ಯಾಹ್ನ ಅದನ್ನು ತೆಗೆದು, ನೀರು ಸೇರಿಸಿ, ಬುಳುಬುಳು ಎಂದು ಕುದಿಯುವವರೆಗೆ ಕಾಯಿಸಿ ಒಗ್ಗರಣೆ ಕೊಡಿ. ಸೋಮವಾರ ಬೇಳೆಸಾರು ಆಗಿದ್ದದ್ದು ಮಂಗಳವಾರ ಮೆಂತ್ಯಪಲ್ಲೆ ಬೇಳೆ ಆಗುತ್ತದೆ, ಬುಧವಾರ ಮತ್ತೆ ಹೊಸ ಬೇಳೆ. ಒಮ್ಮೆ ಹೀಗೆ ಕಾಯಿಸಿದ್ದು ಉಳಿದರೆ ಅದನ್ನು ಮತ್ತೆ ಫ್ರಿಜ್ಜಿಗೆ ಸೇರಿಸಬೇಡಿ.

“ಬಿಸಿ ಇಟ್ಟರ ಫ್ರಿಜ್ ಕೆಡ್ತೈತಿ” ಎಂದು ಬೇಳೆಯನ್ನು ಸಂಜೆಯವರೆಗೆ ಕಟ್ಟೆಯ ಮೇಲೇ ಬಿಡುವ ಮನೆಗಳು ಬಹಳ. ಕುದಿಯುವ ಕೊಡ ತುಂಬ ಇಟ್ಟರೆ ಒಳಗಿನ ಬೇರೆ ಪದಾರ್ಥ ಬಿಸಿಯಾಗುತ್ತದೆ, ಅದು ನಿಜ. ಆದರೆ ಸಣ್ಣ ಪಾತ್ರೆಯ ಬೆಚ್ಚನೆಯ ಬೇಳೆಯಿಂದ ಫ್ರಿಜ್ಜಿಗೆ ಏನೂ ಆಗುವುದಿಲ್ಲ. ದೊಡ್ಡ ಪಾತ್ರೆಯ ಗಟ್ಟಿ ಬೇಳೆ ನಡುವಿನಲ್ಲಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಲ್ಲಿ ಬೆಳೆಯುವುದು ಇನ್ನೊಂದು ಬಗೆಯ ಸೂಕ್ಷ್ಮಜೀವಿ, ಮರುದಿನ ಹೊಟ್ಟೆನುಲಿತ ಭೇದಿ ತರುವಂಥದ್ದು.

ಫ್ರಿಜ್ ಇದೆ ಎಂದ ಮಾತ್ರಕ್ಕೆ ಅದು ತಣ್ಣಗಿದೆ ಎಂದಲ್ಲ. ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸುಲಭವಾಗಿ ಜಾರಿ ಬಂದರೆ ಬಾಗಿಲಿನ ರಬ್ಬರ್ ಸವೆದಿದೆ, ರಿಪೇರಿಯವರನ್ನು ಕರೆಸಿ. ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ನಿಲ್ಲುತ್ತದೆ. ಅದಕ್ಕೂ ಹೆಚ್ಚು ಹೊತ್ತು ಹೋಗಿದ್ದರೆ ಬೇಳೆ, ಪಲ್ಲೆ, ಅನ್ನ ಯಾವುದನ್ನೂ ಉಳಿಸಬೇಡಿ. ಮಗನ ಊರಿಗೆ ಹೋಗಿ ಬಂದಾಗ ನಡುವೆ ಬಹಳ ಹೊತ್ತು ಕರೆಂಟ್ ಹೋಗಿತ್ತೇ ಎಂದು ತಿಳಿಯಲು ಒಂದು ಉಪಾಯವಿದೆ. ಹೋಗುವ ಮೊದಲು ಒಂದು ಲೋಟ ನೀರನ್ನು ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ, ಅದರ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ಗಡ್ಡೆ ಕರಗಿಲ್ಲ. ಲೋಟದ ತಳದಲ್ಲಿ ಕಂಡರೆ ಗಡ್ಡೆ ಪೂರ್ತಿ ಕರಗಿ ಮತ್ತೆ ಕಟ್ಟಿದೆ ಎಂದರ್ಥ, ಒಳಗಿದ್ದ ಹಸಿ ಪದಾರ್ಥವೆಲ್ಲ ಹೊರಗೆ. ಫ್ರಿಜ್ ಇಲ್ಲದ ಮನೆಯವರು ಬೇಳೆಯನ್ನು 75 ಗ್ರಾಂ ಅಳೆದು ದಿನದ್ದು ದಿನಕ್ಕೇ ಮಾಡಿಕೊಳ್ಳಬೇಕು, ಎರಡನೇ ದಿನಕ್ಕೆ ಎಂಬ ಮಾತೇ ಬೇಡ.

ರಾತ್ರಿಯ ಊಟಕ್ಕೆ ಒಲೆ ಹಚ್ಚುವ ಅಗತ್ಯ ಬಹುತೇಕ ಬೀಳುವುದಿಲ್ಲ. ರೊಟ್ಟಿ, ಹಿಂಡಿ, ಮೊಸರು, ಒಂದು ಸೌತೆಕಾಯಿ, ಹಸಿ ಉಳ್ಳಾಗಡ್ಡಿ. ಇದು ಬಡ ಊಟ ಅಲ್ಲ. ಜೋಳದ ಜೊತೆ ಶೇಂಗಾ, ಅದರ ಜೊತೆ ಮೊಸರು ಸೇರಿದರೆ ವಯಸ್ಸಾದವರ ಮೈಗೆ ಬೇಕಾದ ಪ್ರೋಟೀನಿನ ಒಳ್ಳೆಯ ಪಾಲು ಸಿಗುತ್ತದೆ. ಬೇಸರವಾದ ದಿನ ಜೋಳದ ನುಚ್ಚು ಮಜ್ಜಿಗೆ, ಇಲ್ಲವೇ ಚುರುಮುರಿ ಒಗ್ಗರಣೆ. ಭಾನುವಾರ ಬೇಳೆಗೆ ರಜೆ, ಹಿಂದಿನ ದಿನ ನೆನೆಹಾಕಿದ ಹೆಸರುಕಾಳಿನ ಪಲ್ಲೆ ಅಥವಾ ಝುಣಕ ಮಾಡಿಕೊಳ್ಳಿ. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ “ಇವತ್ತು ಹಸಿವಿಲ್ಲ” ಎಂದು ರಾತ್ರಿಯ ಊಟ ಬಿಡಬಾರದು. ಬೆವರು, ಕೈ ನಡುಕ, ತಲೆ ತಿರುಗು ಬಂದರೆ ಸಕ್ಕರೆ ಇಳಿದಿರಬಹುದು, ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು, ಆಮೇಲೆ ರೊಟ್ಟಿ ತಿನ್ನಬೇಕು. ಬುಟ್ಟಿಯಲ್ಲಿ ರೊಟ್ಟಿ ಇರುವ ಮನೆಯಲ್ಲಿ “ಅಡುಗೆ ಮಾಡಲು ಆಗಲಿಲ್ಲ, ಹಾಗೇ ಮಲಗಿದೆವು” ಎನ್ನುವ ದಿನ ಬರುವುದಿಲ್ಲ, ಅದಕ್ಕಾಗಿಯೂ ನಾನು ರೊಟ್ಟಿಯ ಬುಟ್ಟಿಯನ್ನು ಬಿಡಬೇಡಿ ಎನ್ನುತ್ತೇನೆ.

ಮಜ್ಜಿಗೆಯಲ್ಲಿ ಕಲಸಿಟ್ಟ ತಂಗಳನ್ನದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹುಳಿ ಏರಿದರೆ ಸೂಕ್ಷ್ಮಜೀವಿಗಳಿಗೆ ಕಷ್ಟವಾಗುತ್ತದೆ, ಹಿರಿಯರು ಕಂಡುಕೊಂಡದ್ದು ಸುಳ್ಳಲ್ಲ. ಆದರೆ ಅನ್ನ ಆರಿದ ಕೂಡಲೇ ಕಲಸುವುದು ಬೇರೆ, ಮಧ್ಯಾಹ್ನದಿಂದ ಹಾಟ್‌ಬಾಕ್ಸಿನಲ್ಲಿದ್ದ ಅನ್ನಕ್ಕೆ ಮಲಗುವ ಹೊತ್ತಿಗೆ ಮೊಸರು ಹಾಕುವುದು ಬೇರೆ. ಆಗಲೇ ಹುಟ್ಟಿದ ವಿಷವನ್ನು ಮೊಸರು ತೆಗೆಯುವುದಿಲ್ಲ.

ಪೇಟೆಯ ಕೆಲಸವನ್ನು ವಾರಕ್ಕೆ ಎರಡು ಸಲಕ್ಕೆ ಇಳಿಸಬಹುದು. ಒಂದು ನಿಮ್ಮೂರಿನ ಸಂತೆಯ ದಿನ, ಇನ್ನೊಂದು ಮೂರು ದಿನ ಬಿಟ್ಟು. ಹೊತ್ತು ಏರುವ ಮೊದಲು ಹೋಗಿ, ಒಂದು ಸಲಕ್ಕೆ ಚೀಲ ಮೂರು ಕೆಜಿ ಮೀರದಿರಲಿ, ಎರಡು ಚೀಲ ಮಾಡಿ ಎರಡೂ ಕೈಗೆ ಸಮ ಹಂಚಿಕೊಳ್ಳಿ. ಮಸ್ಕಿಯ ಅಪ್ಪ ತರುವುದು ಇಷ್ಟು: ಮೆಂತ್ಯ ಅಥವಾ ಪುಂಡಿಪಲ್ಲೆ ಒಂದು ಕಟ್ಟು, ಬದನೆಕಾಯಿ ಕಾಲು ಕೆಜಿ, ಹೀರೇಕಾಯಿ ಅರ್ಧ ಕೆಜಿ, ಟೊಮೆಟೊ ಅರ್ಧ ಕೆಜಿ, ಸೌತೆಕಾಯಿ ಮೂರು, ನಾಲ್ಕು ಬಾಳೆಹಣ್ಣು. ಸೊಪ್ಪು ಮೊದಲ ದಿನ ಮುಗಿಯಬೇಕು, ಬದನೆ ಎರಡನೇ ದಿನ, ಹೀರೇಕಾಯಿ ಕೊನೆಗೆ. ಅಗ್ಗ ಸಿಕ್ಕಿತೆಂದು ಎರಡು ಕೆಜಿ ಟೊಮೆಟೊ ತಂದರೆ ಕೆಡುವ ಭಯಕ್ಕೆ ದೊಡ್ಡ ಪಾತ್ರೆಯಲ್ಲಿ ಸಾರು ಮಾಡುತ್ತೀರಿ, ಉಳಿಯುವ ಸಾರಿನ ಮೊದಲ ಹೆಜ್ಜೆ ಅದು. ಭಾರದ ಸಾಮಾನನ್ನು ನೀವು ಹೊರಲೇಬಾರದು. ತಿಂಗಳಿಗೆ ಎಂಟು ಕೆಜಿ ಜೋಳ, ಐದು ಕೆಜಿ ಅಕ್ಕಿ, ಎರಡು ಕೆಜಿ ತೊಗರಿಬೇಳೆ, ಒಂದು ಕೆಜಿ ಶೇಂಗಾ, ಇಷ್ಟನ್ನು ಕಿರಾಣಿ ಅಂಗಡಿಗೆ ಫೋನಿನಲ್ಲಿ ಹೇಳಿ ಮನೆಗೇ ಹಾಕಿಸಿಕೊಳ್ಳಿ. ಹಾಲು ದಿನಕ್ಕೆ ಅರ್ಧ ಲೀಟರ್, ಬಂದ ಕೂಡಲೇ ಕಾಯಿಸಿ.

ಇಷ್ಟು ಮಾಡಿದ ಮೇಲೂ ವಾಂತಿ ಭೇದಿ ಆದರೆ ಭಯಬೀಳಬೇಕಾದದ್ದು ನೀರಿನ ನಷ್ಟಕ್ಕೆ. ಮನೆಯಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ಒಂದು ಲೀಟರಿನ ದೊಡ್ಡ ಪೊಟ್ಟಣವಾದರೆ ಸರಿಯಾಗಿ ಒಂದು ಲೀಟರ್ ನೀರಿಗೆ ಕಲಸಬೇಕು. ಲೋಟಕ್ಕೆ ಚೂರುಚೂರು ಹಾಕಿಕೊಂಡರೆ ಅಳತೆ ತಪ್ಪುತ್ತದೆ. ಎರಡು ನಿಮಿಷಕ್ಕೊಂದು ಗುಟುಕಿನಂತೆ ಕುಡಿಯಿರಿ. ಕುಡಿದದ್ದೆಲ್ಲ ವಾಂತಿಯಾದರೆ, ಆರು ಗಂಟೆ ಮೂತ್ರವೇ ಆಗದಿದ್ದರೆ, ಮಂಪರು ಬಂದು ಮಾತು ತಡವರಿಸಿದರೆ, ಭೇದಿಯಲ್ಲಿ ರಕ್ತ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಬಿಪಿ, ಸಕ್ಕರೆ ಮಾತ್ರೆಗಳನ್ನು ಆ ದಿನ ನುಂಗಬೇಕೋ ಬೇಡವೋ ಎನ್ನುವುದನ್ನು ವೈದ್ಯರನ್ನೇ ಕೇಳಿ, ಮೈಯಲ್ಲಿ ನೀರು ಕಡಿಮೆಯಾದಾಗ ಕೆಲವು ಮಾತ್ರೆ ಕಿಡ್ನಿಗೆ ಪೆಟ್ಟು ಕೊಡುತ್ತವೆ.

ದೂರದಲ್ಲಿರುವ ಮಕ್ಕಳಿಗೂ ಒಂದು ಮಾತು. ರಾತ್ರಿ ಫೋನಿನಲ್ಲಿ “ಊಟ ಆಯ್ತಾ?” ಎಂದು ಕೇಳಿದರೆ “ಆತಪಾ” ಎಂದೇ ಉತ್ತರ ಬರುತ್ತದೆ. “ಮಧ್ಯಾಹ್ನದ ಅನ್ನ ಉಳಿದಿತ್ತಾ? ರೊಟ್ಟಿ ಎಷ್ಟಿದಾವು?” ಎಂದು ಕೇಳಿ. ಉತ್ತರದಲ್ಲಿ ಇಡೀ ದಿನ ಗೊತ್ತಾಗುತ್ತದೆ. ಗುರುವಾರದ ಹೊತ್ತಿಗೂ ಬುಟ್ಟಿಯಲ್ಲಿ 35 ರೊಟ್ಟಿ ಇದ್ದರೆ ಅವರು ಉಣ್ಣುತ್ತಿಲ್ಲ ಎಂದರ್ಥ, ಬಂದು ನೋಡಿ.

ಈ ಕ್ರಮ ದಾರಿ ತಪ್ಪುವುದು ಹಬ್ಬದಲ್ಲಿ. ಮಸ್ಕಿಯ ಅವ್ವ ಚೆಲ್ಲಲು ಒಪ್ಪುವವರಲ್ಲ. “ಅನ್ನ ಚೆಲ್ಲಿದ್ರ ಪಾಪ ಬರ್ತೈತ್ರಿ” ಎನ್ನುವ ಅವರ ಮಾತನ್ನು ನಾನು ಅಲ್ಲಗಳೆಯಲಿಲ್ಲ. ಹಬ್ಬಕ್ಕೆ ಹೋಳಿಗೆ ಮಾಡದೆ ಇರಲೂ ಆಗದು, ನಾಲ್ಕೇ ಮಾಡಲೂ ಆಗದು. ಹೂರಣ ಎಂದರೆ ಬೇಯಿಸಿದ ಬೇಳೆಯೇ, ಬೆಲ್ಲ ಇದ್ದರೂ ಅದರಲ್ಲಿ ತೇವವಿದೆ, ಬೇಸಿಗೆಯಲ್ಲಿ ಹೊರಗೆ ಇಟ್ಟರೆ ಮರುದಿನಕ್ಕೆ ಹುಳಿಯುತ್ತದೆ. ಹೋದ ಯುಗಾದಿಗೆ ಅವರೇ ಒಂದು ದಾರಿ ಮಾಡಿಕೊಂಡರು. ಹೋಳಿಗೆ ಬೇಯುತ್ತಿದ್ದಂತೆ ಇಬ್ಬರಿಗೆ ಬೇಕಾದ ಆರನ್ನು ತಾಟಿಗೆ ತೆಗೆದಿಟ್ಟು, ಉಳಿದದ್ದನ್ನೂ ಕಟ್ಟಿನ ಸಾರನ್ನೂ ಡಬ್ಬಿಗೆ ತುಂಬಿ, ತಾವು ಉಣ್ಣಲು ಕೂರುವ ಮೊದಲೇ ಅಪ್ಪನ ಕೈಯಲ್ಲಿ ಪಕ್ಕದ ಮೂರು ಮನೆಗೆ ಕಳಿಸಿದರು. ಅಪ್ಪ ಖಾಲಿ ಡಬ್ಬಿ ಹಿಡಿದು ವಾಪಸು ಬಂದಾಗ ಇನ್ನೂ ಒಂದು ಗಂಟೆಯಾಗಿರಲಿಲ್ಲ.